ದೂರವಾಣಿಯಲ್ಲಿ ಫ್ರೆಂಚ್: ವಿರಾಜಪೇಟೆಯ ಹೆಸರು ಲ ಆವ್ರ್ ಬಂದರಿಗೆ ತಪ್ಪಿಲ್ಲದೆ ತಲುಪುವ ಬಗೆ

ಕೊಡಗಿನ ಕಾಫಿ ಮತ್ತು ಕರಿಮೆಣಸಿನ ರಫ್ತುದಾರರಿಗೆ ಆಗಸ್ಟ್ ತಿಂಗಳು ಎರಡು ರೀತಿಯಲ್ಲಿ ತೊಡಕಿನದು. ಇತ್ತ ಮುಂಗಾರು ಮಳೆ ಜೋರಾಗಿದ್ದು, ಮರ ಬಿದ್ದು ತಂತಿ ಕಡಿಯುವುದೂ ವಿದ್ಯುತ್ ಇಲ್ಲದೆ ಮೊಬೈಲ್ ಗೋಪುರಗಳು ಸ್ತಬ್ಧವಾಗುವುದೂ ಸಾಮಾನ್ಯ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯಲ್ಲಿ ಸಂಭವಿಸಿದ ಪ್ರವಾಹ ಮತ್ತು ಭೂಕುಸಿತಗಳ ಕಾಲದಲ್ಲಿ ಸಂಪರ್ಕ ಕಡಿದುಹೋದುದನ್ನು ಇಲ್ಲಿನ ವರ್ತಕರು ಮರೆತಿಲ್ಲ. ಅತ್ತ ಫ್ರಾನ್ಸಿನಲ್ಲಿ ಆಗಸ್ಟ್ ಎಂದರೆ ವಾರ್ಷಿಕ ರಜೆಯ ತಿಂಗಳು. ಇಂಗ್ಲಿಷ್ ಬಲ್ಲ ಖರೀದಿ ವ್ಯವಸ್ಥಾಪಕರು ರಜೆಯ ಮೇಲೆ ಹೋಗಿರುತ್ತಾರೆ. ದೂರವಾಣಿ ಎತ್ತುವವರು ಫ್ರೆಂಚ್ ಮಾತ್ರ ಆಡುವ ಕಚೇರಿ ಸಹಾಯಕರಾಗಿರಬಹುದು. ತಂತಿ ಕೆಟ್ಟಿರುವ ಹೊತ್ತಿಗೇ ಭಾಷೆಯೂ ಕೈಕೊಡುತ್ತದೆ.

ಇಂತಹ ಸಂದರ್ಭದಲ್ಲಿ ಬೆಲೆಯ ಚೌಕಾಸಿಯನ್ನು ಯಾರೂ ದೂರವಾಣಿಯಲ್ಲಿ ಮಾಡುವುದಿಲ್ಲ. ಮಾಡಬೇಕಾಗುವುದು ಅದಕ್ಕಿಂತ ಚಿಕ್ಕ ಕೆಲಸ: ಒಂದು ಹೆಸರನ್ನು, ಒಂದು ಊರನ್ನು, ಒಂದು ದೂರವಾಣಿ ಸಂಖ್ಯೆಯನ್ನು ಆಚೆಯವರು ತಪ್ಪಿಲ್ಲದೆ ಬರೆದುಕೊಳ್ಳುವಂತೆ ಹೇಳುವುದು. ಈ ಚಿಕ್ಕ ಕೆಲಸ ತಪ್ಪಿದರೆ ಆಗುವ ನಷ್ಟವೇನೂ ಚಿಕ್ಕದಲ್ಲ.

ಒಂದಕ್ಷರದ ಬೆಲೆ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿರಾಜಪೇಟೆಯಲ್ಲಿ ತಮ್ಮ ಸ್ವಂತ ಹೆಸರಿನಲ್ಲಿಯೇ ವ್ಯಾಪಾರ ನಡೆಸುವ ತಿಮ್ಮಯ್ಯ ಎಂಬ ರಫ್ತುದಾರರಿದ್ದಾರೆಂದೂ, ಫ್ರಾನ್ಸಿನ ಲ ಆವ್ರ್ ಬಂದರಿನ ಖರೀದಿದಾರರೊಬ್ಬರಿಗೆ ಅವರು ಒಂದು ಕಂಟೇನರ್ ಕಾಫಿ ಮಾರಿದ್ದಾರೆಂದೂ ಭಾವಿಸೋಣ. 60 ಕಿಲೋ ತೂಕದ 320 ಚೀಲಗಳು, ಒಟ್ಟು 19.2 ಟನ್. ಹಣ ಪಾವತಿ ಎಲ್.ಸಿ. ಮೂಲಕ. ಖರೀದಿದಾರರ ಕಚೇರಿಯವರು ನಾಳೆ ತಮ್ಮ ಬ್ಯಾಂಕಿಗೆ ಎಲ್.ಸಿ. ಅರ್ಜಿ ಸಲ್ಲಿಸಬೇಕು. ಅದರಲ್ಲಿ ಹಣ ಪಡೆಯುವವರ ಹೆಸರು ಮತ್ತು ವಿಳಾಸ ಬರೆಯಬೇಕು. ಎರಡು ದಿನಗಳಿಂದ ವಿರಾಜಪೇಟೆಯಲ್ಲಿ ಇಂಟರ್‌ನೆಟ್ ಇಲ್ಲ. ದೂರವಾಣಿ ಮಾತ್ರ ಅರೆಬರೆಯಾಗಿ ಕೇಳಿಸುತ್ತಿದೆ.

ಕಚೇರಿಯ ಸಹಾಯಕಿ ಬರೆದುಕೊಂಡ ಹೆಸರು ಅರ್ಜಿಗೆ ಹೋಗುತ್ತದೆ, ಅರ್ಜಿಯಿಂದ ಬ್ಯಾಂಕಿನ ಸಂದೇಶಕ್ಕೆ, ಅಲ್ಲಿಂದ ಭಾರತದ ಬ್ಯಾಂಕಿಗೆ ಬರುತ್ತದೆ. ಬ್ಯಾಂಕುಗಳು ಸರಕನ್ನು ನೋಡುವುದಿಲ್ಲ, ಕಾಗದಪತ್ರಗಳನ್ನು ಮಾತ್ರ ನೋಡುತ್ತವೆ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯಂತೆ, ಸಲ್ಲಿಸಿದ ದಾಖಲೆಗಳನ್ನು ಪರಿಶೀಲಿಸಲು ಬ್ಯಾಂಕಿಗೆ ಗರಿಷ್ಠ 5 ಬ್ಯಾಂಕಿಂಗ್ ದಿನಗಳ ಅವಕಾಶವಿದೆ. ಪದದ ಅರ್ಥವನ್ನು ಕೆಡಿಸದ ಅಕ್ಷರದೋಷವನ್ನು ದೊಡ್ಡದು ಮಾಡಬಾರದೆಂಬುದು ಬ್ಯಾಂಕಿಂಗ್ ರೂಢಿಯೇ ಹೌದು. ಆದರೆ ಈ ರಿಯಾಯಿತಿ ಸಾಮಾನ್ಯ ಪದಗಳಿಗೆ ಒದಗುವಷ್ಟು ಸುಲಭವಾಗಿ ಹೆಸರುಗಳಿಗೆ ಒದಗುವುದಿಲ್ಲ. 'ಯಂತ್ರ' ಎಂಬುದರಲ್ಲಿ ಒಂದಕ್ಷರ ತಪ್ಪಿದರೂ ಯಂತ್ರವೆಂದೇ ತಿಳಿಯುತ್ತದೆ. ಕೊಡಗಿನ ಹೆಸರೊಂದರಲ್ಲಿ ಒಂದಕ್ಷರ ತಪ್ಪಿದರೆ ಅದು ಅದೇ ವ್ಯಕ್ತಿಯೋ ಬೇರೆಯವರೋ ಎಂದು ಫ್ರಾನ್ಸಿನ ಬ್ಯಾಂಕಿನ ಗುಮಾಸ್ತರಿಗೆ ತಿಳಿಯುವ ದಾರಿಯಿಲ್ಲ. ಆಗ ಎಲ್.ಸಿ.ಗೆ ತಿದ್ದುಪಡಿ ಕೇಳಬೇಕು. ಅದಕ್ಕೆ ಶುಲ್ಕವುಂಟು, ವಿಳಂಬವುಂಟು. ಅಲ್ಲಿಯವರೆಗೆ 320 ಚೀಲಗಳು ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿನಲ್ಲಿಯೇ ಉಳಿಯುತ್ತವೆ.

ಆದುದರಿಂದ ಕರೆ ಮಾಡುವ ಮೊದಲೇ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದು ಬ್ಯಾಂಕ್ ಖಾತೆಯಲ್ಲಿಯೂ ಆಮದು-ರಫ್ತು ಕೋಡ್ ಪತ್ರದಲ್ಲಿಯೂ ಇರುವಂತೆಯೇ ಇರಬೇಕು. ಏಕೆಂದರೆ ಒಂದೇ ತಿಮ್ಮಯ್ಯ ಎಂಬ ಹೆಸರನ್ನು ಕೆಲವರು THIMMAIAH ಎಂದು ಬರೆಯುತ್ತಾರೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರು THIMAYYA ಎಂದು ದಾಖಲಾಗಿದೆ. ಉಚ್ಚಾರಣೆ ಕೇಳಿ ಈ ವ್ಯತ್ಯಾಸವನ್ನು ಯಾರೂ ಊಹಿಸಲಾರರು. ನಮ್ಮ ಉದಾಹರಣೆಯ ವರ್ತಕರು ಬರೆಯುವುದು THIMAYYA ಎಂದೇ.

ಇಂಗ್ಲಿಷ್ ಅಕ್ಷರ, ಫ್ರೆಂಚ್ ಕಿವಿ

ಫ್ರೆಂಚ್ ಲಿಪಿಯ 26 ಅಕ್ಷರಗಳು ಇಂಗ್ಲಿಷಿನವೇ. ಅವುಗಳ ಹೆಸರುಗಳು ಮಾತ್ರ ಬೇರೆ. ತೊಂದರೆಯ ಮೂಲ ಇಲ್ಲಿದೆ. ವಿರಾಜಪೇಟೆಯನ್ನು VIRAJPET ಎಂದು ಇಂಗ್ಲಿಷ್ ರೀತಿಯಲ್ಲಿ ಹೇಳಿದರೆ 'ವಿ, ಐ, ಆರ್, ಎ, ಜೆ, ಪಿ, ಇ, ಟಿ' ಎಂದಾಗುತ್ತದೆ. ಫ್ರೆಂಚರು ಐದನೆಯ ಅಕ್ಷರವನ್ನು 'ಝೀ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ 'ಜಿ' ಎನಿಸಿಕೊಳ್ಳುವ ಅಕ್ಷರ ಅವರಿಗೆ 'ಝೇ'. ಆದುದರಿಂದ ನಾವು 'ಜೆ' ಎಂದಾಗ ಅವರ ಲೇಖನಿ G ಎಂದು ಬರೆಯುತ್ತದೆ. ನಮ್ಮ 'ಇ' ಅವರಿಗೆ I ಅಕ್ಷರದ ಹೆಸರು. ನಮ್ಮ 'ಎ' ಅವರ ಕಿವಿಗೆ E ಅಕ್ಷರದ ಒಂದು ಧ್ವನಿಯಂತೆ ಕೇಳಿಸುತ್ತದೆ. 'ಐ' ಎಂಬುದನ್ನು ಅವರು ಹೇಗೋ ಸರಿಯಾಗಿ ಊಹಿಸಿಕೊಂಡರೂ ಕಾಗದದ ಮೇಲೆ ಮೂಡುವುದು VIREGPIT. ಎಂಟಕ್ಷರಗಳಲ್ಲಿ ಮೂರು ತಪ್ಪು. ಹೇಳಿದವರೂ ಕೇಳಿದವರೂ ತಾವು ಸರಿಯೆಂದೇ ನಂಬಿರುತ್ತಾರೆ.

ಫ್ರೆಂಚ್ ಹೆಸರುಗಳಲ್ಲಿ ಅದೇ ಊರು ಹೀಗಾಗುತ್ತದೆ: ವೇ, ಈ, ಎರ್, ಆ, ಝೀ, ಪೇ, ಅ, ತೇ. ಇಲ್ಲಿನ 'ಝ' ನಮ್ಮ ಝಕಾರವಲ್ಲ. 'ಶ'ವನ್ನು ಗಂಟಲಿನ ನಾದ ಸೇರಿಸಿ ನುಡಿದಂತೆ ಅದು ಮೃದುವಾಗಿರುತ್ತದೆ. E ಅಕ್ಷರದ ಹೆಸರಾದ 'ಅ'ವನ್ನು ತುಟಿಗಳನ್ನು ದುಂಡಗೆ ಮಾಡಿ ಹೇಳಬೇಕು.

ತಿಮ್ಮಯ್ಯನವರ ಹೆಸರಿನಲ್ಲಿ ಬೇರೆ ಎರಡು ತೊಡಕುಗಳಿವೆ. ಮೊದಲನೆಯದು H. ಫ್ರೆಂಚಿನಲ್ಲಿ ಈ ಅಕ್ಷರಕ್ಕೆ ಉಚ್ಚಾರವೇ ಇಲ್ಲ. ಇಂಗ್ಲಿಷಿನವರು 'ಲೆ ಹಾವ್ರೆ' ಎಂದು ಓದುವ ಬಂದರನ್ನು ಅಲ್ಲಿನ ಜನ 'ಲ ಆವ್ರ್' ಎನ್ನುವುದೂ ಇದರಿಂದಲೇ. ಹೆಸರನ್ನು ಬಾಯಲ್ಲಿ ಹೇಳಿ ಬಿಟ್ಟುಬಿಟ್ಟರೆ ಅವರು T ಆದ ಮೇಲೆ ನೇರವಾಗಿ I ಬರೆಯುತ್ತಾರೆ. H ಅಕ್ಷರದ ಹೆಸರು 'ಆಶ್'. ಅದನ್ನು ಎದ್ದು ಕೇಳುವಂತೆ ಹೇಳಲೇಬೇಕು.

ಎರಡನೆಯದು ದ್ವಿತ್ವ. ಕಾರಿಯಪ್ಪ, ಪೊನ್ನಪ್ಪ, ಮುತ್ತಣ್ಣ ಮುಂತಾಗಿ ನಮ್ಮ ಹೆಸರುಗಳಲ್ಲಿ ಒಂದೇ ಅಕ್ಷರ ಎರಡು ಬಾರಿ ಬರುವುದು ಸಾಮಾನ್ಯ. ಇಂಗ್ಲಿಷ್ ಅಭ್ಯಾಸದಂತೆ ನಾವು 'ಡಬಲ್' ಎನ್ನುತ್ತೇವೆ. ಫ್ರೆಂಚರು 'ದೊ', ಅಂದರೆ ಎರಡು, ಎನ್ನುತ್ತಾರೆ: 'ದೊ ಪೇ' ಎಂದರೆ ಎರಡು P. ಅವರಲ್ಲಿ 'ದೂಬ್ಲ ವೇ' ಎಂಬುದು ಎರಡು V ಅಲ್ಲ, W ಅಕ್ಷರದ ಹೆಸರು. 'ಅವ್ವ' ಎಂಬ ಪದದ ಎರಡು ವಕಾರಗಳನ್ನು 'ಡಬಲ್ ವೇ' ಎಂದು ಹೇಳಿದರೆ ಅದು AWA ಆಗಿಬಿಡುತ್ತದೆ. ತಂತಿ ಕೆಟ್ಟಿರುವಾಗ 'ದೊ' ಎಂಬ ಕಿರುಪದವೂ ಕೇಳದೆ ಹೋಗಬಹುದು. ಆಗ ಅಕ್ಷರವನ್ನು ಹೇಳಿ 'ದೊ ಫ್ವಾ' ಎಂದು, ಅಂದರೆ 'ಎರಡು ಬಾರಿ' ಎಂದು, ಸೇರಿಸುವುದು ಹೆಚ್ಚು ಭದ್ರ. Y ಅಕ್ಷರಕ್ಕೆ ಅವರ ಹೆಸರು 'ಈ ಗ್ರೆಕ್', ಅಂದರೆ ಗ್ರೀಕರ 'ಈ'. ಇದರ ಕೊನೆಯ ಅರ್ಧ ಕೇಳದೆ ಹೋದರೆ ಅದು I ಆಗಿ ಉಳಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ತಂತಿ ಕೆಟ್ಟಿರುವ ಬಗೆ ಯಾವುದು?

ಸಾಂಪ್ರದಾಯಿಕ ದೂರವಾಣಿ ಮಾರ್ಗವು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸ್ವರಗಳಿಗೆ ಇಷ್ಟು ಸಾಕು. ಆದರೆ 'ಸ್' ಮತ್ತು 'ಫ್' ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದಕ್ಕಿಂತ ಮೇಲಿನ ಭಾಗದಲ್ಲಿರುತ್ತದೆ. ಆದುದರಿಂದ 'ಎಸ್' ಮತ್ತು 'ಎಫ್' ಒಳ್ಳೆಯ ತಂತಿಯಲ್ಲಿಯೂ ಒಂದೇ ತೆರನಾಗಿ ಕೇಳಿಸಬಹುದು. 'ಎಮ್' ಮತ್ತು 'ಎನ್' ಗಳ ಪಾಡೂ ಹೆಚ್ಚುಕಡಿಮೆ ಅದೇ. ಫ್ರೆಂಚಿನಲ್ಲಿ ಬೇ, ಸೇ, ದೇ, ಝೇ, ಪೇ, ತೇ, ವೇ ಎಂಬ ಏಳು ಅಕ್ಷರಗಳು ಒಂದೇ 'ಏ'ಕಾರದಲ್ಲಿ ಮುಗಿಯುತ್ತವೆ. ಮೊದಲ ವ್ಯಂಜನ ನುಂಗಿಹೋದರೆ ಏಳೂ ಒಂದೇ.

ಇದರ ಮೇಲೆ ಮಳೆಗಾಲದ ತೊಂದರೆಗಳು ಸೇರುತ್ತವೆ. ಅವು ಮೂರು ಬಗೆಯವು. ಬಗೆಯನ್ನು ಗುರುತಿಸಿದರೆ ಉಪಾಯವೂ ಹೊಳೆಯುತ್ತದೆ. ಮೊದಲನೆಯದು ಕರಕರ ಸದ್ದು. ತಾಮ್ರದ ತಂತಿಯ ಸ್ಥಿರ ದೂರವಾಣಿ ಇನ್ನೂ ಇರುವಲ್ಲಿ, ಸಂಖ್ಯೆ ಒತ್ತುವ ಮೊದಲೇ ಡಯಲ್ ಟೋನ್ ಆಲಿಸಬೇಕು. ಅದರಲ್ಲಿಯೇ ಕರಕರ ಕೇಳಿಸಿದರೆ ತಂತಿಯ ಜೋಡಣೆಯಲ್ಲಿ ನೀರು ಸೇರಿದೆ ಎಂದು ಅರ್ಥ. ದೋಷ ನಮ್ಮ ಕಡೆಯದೇ. ಆಚೆಯವರನ್ನು ಗಟ್ಟಿಯಾಗಿ ಮಾತನಾಡಿ ಎಂದು ಕೇಳಿ ಫಲವಿಲ್ಲ, ಬೇರೆ ದೂರವಾಣಿಯಿಂದ ಕರೆ ಮಾಡುವುದೇ ಲೇಸು. ಎರಡನೆಯದು ಮಾತು ತುಂಡುತುಂಡಾಗುವುದು. ಮೊಬೈಲ್ ಸಂಕೇತ ದುರ್ಬಲವಾದಾಗ ಹೀಗಾಗುತ್ತದೆ. ಇಲ್ಲಿ ಸದ್ದು ಕಡಿಮೆಯಾಗುವುದಿಲ್ಲ, ಉಚ್ಚಾರಾಂಶಗಳೇ ಮಾಯವಾಗುತ್ತವೆ. ಕೂಗಿ ಹೇಳಿದರೆ ಪ್ರಯೋಜನವಿಲ್ಲ. ಒಂದೊಂದು ಅಕ್ಷರಕ್ಕೂ ಉದ್ದನೆಯ ಗುರುತುಪದ ಜೋಡಿಸಿದರೆ ಅರ್ಧ ಮಾಯವಾದರೂ ಉಳಿದರ್ಧದಿಂದ ತಿಳಿಯುತ್ತದೆ. ಮೂರನೆಯದು ವಿಳಂಬ. ನಾವು ಆಡಿದ್ದು ತಡವಾಗಿ ತಲುಪಿ, ಇಬ್ಬರೂ ಒಟ್ಟಿಗೆ ಮಾತನಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಇದಕ್ಕೆ ಮದ್ದು, ಮೂರ್ನಾಲ್ಕು ಅಕ್ಷರ ಹೇಳಿ ನಿಲ್ಲಿಸಿ, ಆಚೆಯಿಂದ 'ವೀ', ಅಂದರೆ ಹೌದು, ಎಂಬ ಉತ್ತರ ಬಂದ ಮೇಲೆಯೇ ಮುಂದುವರಿಯುವುದು.

ಮೇಲೆ ಹೇಳಿದ ಗುರುತುಪದಗಳಿಗೆ ಫ್ರೆಂಚರು ವ್ಯಕ್ತಿಗಳ ಹೆಸರುಗಳನ್ನು ಬಳಸುತ್ತಾರೆ. 'ಕೊಮ್' ಎಂದರೆ 'ಹಾಗೆ'. 'ತೇ ಕೊಮ್ ತೆರೆಜ಼್' ಎಂದರೆ ತೆರೆಜ಼್ ಎಂಬ ಹೆಸರಿನಲ್ಲಿರುವ T. ಹೀಗೆ H ಆನ್ರಿ, I ಇರ್ಮಾ, M ಮಾರ್ಸೆಲ್, A ಆನಾತೊಲ್, Y ಇವೊನ್, V ವಿಕ್ತೊರ್, R ರಾಉಲ್, J ಝೋಸೆಫ್, P ಪಿಯೆರ್, E ಯೂಝೆನ್ ಎಂಬುದು ಅಲ್ಲಿನ ರೂಢಿ. ಎಲ್ಲರೂ ಇವನ್ನೇ ಬಳಸುವುದಿಲ್ಲ. ಬಾಯಿಗೆ ಬಂದ ಪರಿಚಿತ ಹೆಸರನ್ನು ಹೇಳುವವರೇ ಹೆಚ್ಚು. ಹಡಗು ಕಂಪನಿಯವರಿಗಾದರೋ 'ಟ್ಯಾಂಗೊ, ಹೋಟೆಲ್' ಎಂಬ ಅಂತರರಾಷ್ಟ್ರೀಯ ಪಟ್ಟಿಯೂ ಗೊತ್ತಿರುತ್ತದೆ. ಯಾವುದಾದರೂ ಸರಿ, ಆ ಹೆಸರು ಆಚೆಯವರಿಗೆ ಪರಿಚಿತವಾಗಿರಬೇಕು. 'ಮಡಿಕೇರಿಯ ಎಮ್' ಎಂದರೆ ಲ ಆವ್ರ್‌ನಲ್ಲಿ ಯಾರಿಗೂ ತಿಳಿಯದು.

ಒಂದು ಕರೆಯ ವಿವರ

ಈಗ ಕರೆಯನ್ನೇ ಗಮನಿಸೋಣ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಉಳಿದ ಕಾಲದಲ್ಲಿ ನಾಲ್ಕೂವರೆ ಗಂಟೆ. ಆಗಸ್ಟ್‌ನಲ್ಲಿ ನಮ್ಮ ಮಧ್ಯಾಹ್ನ 1 ಗಂಟೆ ಎಂದರೆ ಅಲ್ಲಿ ಬೆಳಗಿನ 9.30. ನಮ್ಮ 3.30ರ ಬಳಿಕ ಅವರ ಊಟದ ವಿರಾಮ ಆರಂಭವಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಅವರ ಹತ್ತಂಕಿಗಳ ಸಂಖ್ಯೆಯಲ್ಲಿ ಆ ಮೊದಲ ಸೊನ್ನೆಯನ್ನು ಬಿಟ್ಟು, 00 33 ಸೇರಿಸಿ ಒತ್ತಬೇಕು.

ಕರೆ ಮಾಡುವವರು ತಿಮ್ಮಯ್ಯನವರ ಮಗಳು. ಬೆಂಗಳೂರಿನಲ್ಲಿ ಓದುವಾಗ ಒಂದಿಷ್ಟು ಫ್ರೆಂಚ್ ಕಲಿತವರು ಎಂದಿಟ್ಟುಕೊಳ್ಳೋಣ. ಆಚೆಯಿಂದ 'ಆಲೋ, ಬೊಂಝೂರ್' ಎಂಬ ದನಿ ಬಂದೊಡನೆ ಆಕೆ 'ಬೊಂಝೂರ್ ಮದಾಮ್' ಎಂದು ನಮಸ್ಕರಿಸಿ, 'ಝ ವುಜ಼ಾಪೆಲ್ ದ ಲ್ಯಾಂದ್' ಎನ್ನುತ್ತಾರೆ: ನಾನು ಭಾರತದಿಂದ ಕರೆ ಮಾಡುತ್ತಿದ್ದೇನೆ. ಈ ಒಂದು ವಾಕ್ಯದಿಂದ ಸಹಾಯಕಿ ತಾನಾಗಿಯೇ ನಿಧಾನವಾಗುತ್ತಾಳೆ. ಅವಳು 'ಸೆ ದ ಲಾ ಪಾರ್ ದ ಕಿ?' ಎಂದು ಕೇಳುತ್ತಾಳೆ: ಯಾರ ಕಡೆಯಿಂದ?

ಮಳೆಯ ಸದ್ದಿನ ನಡುವೆ ಆ ಪ್ರಶ್ನೆ ಅರ್ಧ ಮಾತ್ರ ಕೇಳಿಸುತ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ 'ಝ ನ ಕೊಂಪ್ರಾ ಪಾ', ಅಂದರೆ 'ಅರ್ಥವಾಗಲಿಲ್ಲ' ಎನ್ನುವುದು. ಹಾಗೆಂದೊಡನೆ ಸಹಾಯಕಿ ಬೇರೆ ಪದಗಳಲ್ಲಿ ಇನ್ನೂ ಉದ್ದವಾಗಿ ಹೇಳಲಾರಂಭಿಸುತ್ತಾಳೆ. ಕೆಟ್ಟ ತಂತಿಯಲ್ಲಿ ಅದೂ ಕೇಳಿಸುವುದಿಲ್ಲ. ಹೇಳಬೇಕಾದುದು 'ಝ ವುಜ಼ಾಂತಾ ಮಾಲ್', ಅಂದರೆ 'ನಿಮ್ಮ ಮಾತು ಸರಿಯಾಗಿ ಕೇಳಿಸುತ್ತಿಲ್ಲ'. ಆಗ ಅವಳು ಅದೇ ವಾಕ್ಯವನ್ನು ಮತ್ತೆ, ಸ್ಪಷ್ಟವಾಗಿ ಹೇಳುತ್ತಾಳೆ. ಕಿವಿಯ ತೊಂದರೆ ಬೇರೆ, ಭಾಷೆಯ ತೊಂದರೆ ಬೇರೆ. ಯಾವುದೆಂದು ತಿಳಿಸುವುದು ಕರೆ ಮಾಡಿದವರ ಹೊಣೆ.

ಹೆಸರು ಹೇಳಿದ ಮೇಲೆ ಅವಳು 'ಸಾ ಸೇಕ್ರಿ ಕೊಮಾ?' ಎನ್ನುತ್ತಾಳೆ: ಅದನ್ನು ಬರೆಯುವುದು ಹೇಗೆ? ಮಗಳು ಮೂರು ಭಾಗ ಮಾಡಿ ಹೇಳುತ್ತಾರೆ. 'ತೇ ಕೊಮ್ ತೆರೆಜ಼್, ಆಶ್ ಕೊಮ್ ಆನ್ರಿ, ಈ ಕೊಮ್ ಇರ್ಮಾ.' ನಿಲುಗಡೆ. 'ವೀ.' 'ಎಮ್ ಕೊಮ್ ಮಾರ್ಸೆಲ್, ಆ ಕೊಮ್ ಆನಾತೊಲ್.' ನಿಲುಗಡೆ. 'ವೀ.' 'ಈ ಗ್ರೆಕ್ ಕೊಮ್ ಇವೊನ್, ದೊ ಫ್ವಾ. ಆ ಕೊಮ್ ಆನಾತೊಲ್.'

ಸಹಾಯಕಿ 'ಝ ರೇಪೆತ್', ಅಂದರೆ 'ತಿರುಗಿ ಹೇಳುತ್ತೇನೆ' ಎಂದು ಓದುತ್ತಾಳೆ. ನಾಲ್ಕನೆಯ ಅಕ್ಷರ 'ಎನ್' ಎಂದಾಗಿದೆ. ಇಲ್ಲಿ 'ಎನ್ ಅಲ್ಲ, ಎಮ್' ಎನ್ನಬಾರದು. ತಂತಿ ಕೆಟ್ಟಿರುವಾಗ 'ಅಲ್ಲ' ಎಂಬ ಪದವೇ ಮಾಯವಾಗಿ, ತಪ್ಪಕ್ಷರವೇ ಎರಡನೆಯ ಬಾರಿ ಕೇಳಿಸಿ ಗಟ್ಟಿಯಾಗಿಬಿಡುವ ಅಪಾಯವಿದೆ. ತಪ್ಪನ್ನು ಹೆಸರಿಸದೆ ಸರಿಯನ್ನು ಮಾತ್ರ ಹೇಳಬೇಕು: 'ನೋ. ಲ ಕಾತ್ರಿಯೆಮ್, ಎಮ್ ಕೊಮ್ ಮಾರ್ಸೆಲ್.' ನಾಲ್ಕನೆಯದು, ಮಾರ್ಸೆಲ್‌ನ ಎಮ್. ಇಡೀ ಹೆಸರನ್ನು ಮೊದಲಿನಿಂದ ಹೇಳಲು ಹೊರಟರೆ ಸರಿಯಾಗಿದ್ದ ಅಕ್ಷರಗಳೂ ಕೆಡಬಹುದು.

ಇಷ್ಟರಲ್ಲಿ ಕರೆ ಕಡಿಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕರೆ ಮಾಡತೊಡಗಿದರೆ ಎರಡೂ ಕಡೆ 'ಬ್ಯುಸಿ' ಸದ್ದು ಮಾತ್ರ. ಆದುದರಿಂದ ಕರೆಯ ಆರಂಭದಲ್ಲಿಯೇ 'ಸಿ ಸಾ ಕೂಪ್, ಝ ವು ರಾಪೆಲ್', ಅಂದರೆ 'ಕಡಿದರೆ ನಾನೇ ಮತ್ತೆ ಕರೆ ಮಾಡುತ್ತೇನೆ' ಎಂದು ಹೇಳಿಡಬೇಕು. ಎರಡನೆಯ ಕರೆಯಲ್ಲಿ ಹೆಸರು ಮುಗಿದು, ಊರೂ ಅದೇ ಕ್ರಮದಲ್ಲಿ ಮುಗಿಯುತ್ತದೆ. ನಡುವೆ ಅವಳು 'ನ ಕಿತೇ ಪಾ' ಎಂದರೆ ಗಾಬರಿ ಬೇಡ. ಅದು 'ದೂರವಾಣಿ ಇಡಬೇಡಿ, ಸ್ವಲ್ಪ ತಾಳಿ' ಎಂಬ ಮಾತು.

ಸಂಖ್ಯೆಗಳ ಸರದಿ

ಕೊನೆಗೆ ಅವಳು ತನ್ನ ನೇರ ಸಂಖ್ಯೆಯನ್ನು ಕೊಡುತ್ತಾಳೆ. ಫ್ರೆಂಚರು ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಓದುತ್ತಾರೆ. 75 ಎಂಬುದು 'ಸ್ವಾಸಾಂತ್ ಕ್ಯಾಂಜ಼್', ಅಂದರೆ ಅರವತ್ತು-ಹದಿನೈದು. 92 ಎಂಬುದು 'ಕಾತ್ರ ವ್ಯಾಂ ದೂಜ಼್', ಅಂದರೆ ನಾಲ್ಕು-ಇಪ್ಪತ್ತು-ಹನ್ನೆರಡು. ಕೇಳಿದಂತೆಯೇ ಬರೆಯುತ್ತ ಹೋದವರ ಕಾಗದದ ಮೇಲೆ 60 15 4 20 12 ಎಂದು ಮೂಡುತ್ತದೆ. ಜೋಡಿ ಮುಗಿಯುವವರೆಗೆ ಲೇಖನಿ ಎತ್ತಬಾರದು. ಬರೆದುಕೊಂಡ ಅಂಕಿಗಳು ಹತ್ತಕ್ಕಿಂತ ಹೆಚ್ಚಾದರೆ ತಪ್ಪಾಗಿದೆ ಎಂದೇ ತಿಳಿಯಬೇಕು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರೊಡನೆ ಈ ಕಷ್ಟ ಕಡಿಮೆ. ಅವರು 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ನೇರ ಪದಗಳನ್ನೇ ಬಳಸುತ್ತಾರೆ.

ನಾವು ಸಂಖ್ಯೆ ಹೇಳುವಾಗ ಬಿಡಿ ಅಂಕಿಗಳಲ್ಲಿ ಹೇಳುವುದೇ ಕ್ಷೇಮ. 'ಸ್ವಾಸಾಂತ್ ದಿಸ್' ಎಂಬ 70ರ ಬಾಲ ಕಡಿದರೆ 60 ಉಳಿಯುತ್ತದೆ. 'ಸೆತ್, ಜ಼ೇರೊ' ಎಂದು ಬಿಡಿಯಾಗಿ ಹೇಳಿದರೆ ಬಾಲ ಕಡಿದುದು ಕೇಳುವವರಿಗೇ ತಿಳಿಯುತ್ತದೆ, ಮತ್ತೆ ಕೇಳುತ್ತಾರೆ. ನಮ್ಮ ಮೊಬೈಲ್ ಸಂಖ್ಯೆಯೂ ಹತ್ತಂಕಿಯದೇ ಆದುದರಿಂದ ಎರಡೆರಡು ಅಂಕಿಗಳ ಬಳಿಕ ನಿಲ್ಲಿಸಿದರೆ ಅವರಿಗೆ ಬರೆದುಕೊಳ್ಳಲು ರೂಢಿಯ ಲಯ ಸಿಗುತ್ತದೆ.

ಇ-ಮೇಲ್ ವಿಳಾಸ ಹೇಳಬೇಕಾದಲ್ಲಿ @ ಚಿಹ್ನೆಗೆ 'ಆರೊಬಾಜ಼್', ಚುಕ್ಕೆಗೆ 'ಪ್ವ್ಯಾಂ', ಅಡ್ಡಗೆರೆಗೆ 'ತಿರೆ' ಎನ್ನಬೇಕು. ಎರಡು ಪದಗಳ ನಡುವೆ ಜಾಗವಿಲ್ಲದಿದ್ದರೆ 'ತುತ್ ಆತಾಶೇ', ಅಂದರೆ 'ಎಲ್ಲ ಕೂಡಿಸಿ' ಎನ್ನಬೇಕು.

ದೂರವಾಣಿಯ ಮಾತು ಎಷ್ಟೇ ಸರಿಯಾಗಿದ್ದರೂ ಅದು ದಾಖಲೆಯಾಗುವುದಿಲ್ಲ. ಇಂಟರ್‌ನೆಟ್ ಮರಳಿದೊಡನೆ, ಅಥವಾ ಮಳೆಯಿಲ್ಲದ ಊರಿನ ಬಂಧುಗಳ ಮೂಲಕ, ಅದೇ ಹೆಸರು ಮತ್ತು ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕಳುಹಿಸಬೇಕು. ಕರೆಯ ದಿನಾಂಕ, ಸಮಯ ಮತ್ತು ಮಾತನಾಡಿದವರ ಹೆಸರನ್ನೂ ಅದರಲ್ಲಿ ನಮೂದಿಸಬೇಕು. ಬ್ಯಾಂಕಿಗೆ ಸಲ್ಲಿಸುವ ಮೊದಲು ಎಲ್.ಸಿ. ಅರ್ಜಿಯ ಕರಡನ್ನು ಕಳುಹಿಸಿಕೊಡುವಂತೆ ಖರೀದಿದಾರರನ್ನು ಕೋರುವ ಪದ್ಧತಿ ರಫ್ತುದಾರರಲ್ಲಿದೆ. ಕರಡು ಬಂದಾಗ ಬೆಲೆಗಿಂತ ಮೊದಲು THIMAYYA ಎಂಬ ಎಂಟಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿ ನೋಡತಕ್ಕದ್ದು. ಎರಡನೆಯ H, ನಾಲ್ಕನೆಯ M, ಆರು ಮತ್ತು ಏಳನೆಯ Y ತಮ್ಮ ಸ್ಥಾನದಲ್ಲಿದ್ದರೆ ಕಂಟೇನರ್ ಬಂದರಿನತ್ತ ಹೊರಡಲು ಹೆಸರಿನ ಕಡೆಯಿಂದ ಅಡ್ಡಿಯಿಲ್ಲ.